ಕಳ್ಳನಿದ್ದೆಗೆ ಸ್ಪ್ಯಾನಿಷ್‌ನಲ್ಲಿ ಪ್ರಾಸ ಸಿಕ್ಕಿದ್ದು

ಪ್ರೇಮಿಗಳ ದಿನಕ್ಕೆ ಗಂಡನೊಬ್ಬ ಹೆಂಡತಿಗೆ ಬರೆದ ಎಂಟು ಸಾಲಿನ ಪದ್ಯ, ಇಂಗ್ಲಿಷ್‌ನಿಂದ ಸ್ಪ್ಯಾನಿಷ್‌ಗೆ. ಹೆಚ್ಚುಕಡಿಮೆ 12 ಗಂಟೆ ಕೆಲಸ. ಕೈಗೆ ಬಂದದ್ದು 100 ಡಾಲರ್, ಬ್ಯಾಂಕಿನವರು ಹಿಡಿದುಕೊಂಡದ್ದು ಹೋಗಿ ಸುಮಾರು 8,000 ರೂಪಾಯಿ. ನಮ್ಮ ಅನುವಾದಕರ ಗುಂಪಿನಲ್ಲಿ ಇದನ್ನು ಹೇಳಿದಾಗ ಒಬ್ಬರು ಹಿರಿಯರು ನಂಬಲೇ ಇಲ್ಲ. ಕೆಲಸ ಒಪ್ಪಿಕೊಂಡ ದಿನ "ಪ್ರಾಸದ ಸಹವಾಸ ಬೇಡಮ್ಮ, ಅರ್ಥ ಕೊಟ್ಟು ಕೈ ತೊಳ್ಕೋ" ಅಂದಿದ್ದವರೂ ಅವರೇ. ಅದಕ್ಕೇ ಇದನ್ನು ಬರೀತಾ ಇದ್ದೇನೆ.

ಅವರು ಹಾಗೆ ಹೇಳೋದಕ್ಕೂ ಕಾರಣ ಇತ್ತು ಅನ್ನಿ. ಕೆಲವು ವರ್ಷದ ಹಿಂದೆ ಒಂದು ಗ್ರೀಟಿಂಗ್ ಕಾರ್ಡ್ ಕಂಪನಿಗೆ ಪ್ರೇಮಿಗಳ ದಿನದ 20 ಪದ್ಯಗಳನ್ನು ಇಂಗ್ಲಿಷ್‌ನಿಂದ ಸ್ಪ್ಯಾನಿಷ್‌ಗೆ ಮಾಡಿಕೊಟ್ಟಿದ್ದೆ. ಪದಕ್ಕೆ ಮೂರು ರೂಪಾಯಿ. ಒಂದು ಪದ್ಯದಲ್ಲಿ 40 ಪದ ಇದ್ದರೆ 120 ರೂಪಾಯಿ ಆಯ್ತು, ಅಷ್ಟಕ್ಕೆ ಒಂದು ಇಡೀ ದಿನ ತಲೆ ಕೆರೆದುಕೊಂಡಿದ್ದೆ. ಹದಿನಾಲ್ಕೋ ಹದಿನೈದೋ ವಾಪಸ್ ಬಂದವು. "ಅರ್ಥ ಸರಿಯಿದೆ, ಆದರೆ ಜಾಹೀರಾತಿನ ಹಾಡಿನ ಥರ ಇದೆ" ಅಂತ ಷರಾ. ಆಗ ಸಿಟ್ಟು ಬಂದಿತ್ತು. ಈಗ ಅದೇ ಪದ್ಯಗಳನ್ನು ತೆಗೆದು ಓದಿದರೆ ನನಗೇ ನಾಚಿಕೆ. ಅಮೋರ್, ಫ್ಲೋರ್, ಕಲೋರ್, ದೊಲೋರ್. ಪ್ರೀತಿ, ಹೂವು, ಬಿಸಿ, ನೋವು. ಎಲ್ಲ ಸಾಲೂ ಇವುಗಳಲ್ಲೇ ಮುಗೀತಿದ್ದವು, ಇಲ್ಲದಿದ್ದರೆ 'ಆರ್' ಅಂತ ಮುಗಿಯುವ ಕ್ರಿಯಾಪದಗಳಲ್ಲಿ.

ಈ ಸಲದ ಗಿರಾಕಿ ಅಮೆರಿಕದ ಟೆಕ್ಸಾಸ್‌ನವರು. ಹೆಂಡತಿಯ ತವರು ಮೆಕ್ಸಿಕೋದ ಗ್ವಾದಲಹಾರ. ಮದುವೆಯಾಗಿ 25 ವರ್ಷ. ಇವರಿಗೆ ಸ್ಪ್ಯಾನಿಷ್ ಅರ್ಥ ಆಗುತ್ತೆ, ಬರೆಯಲು ಬರಲ್ಲ. ಅವರೇ ಇಂಗ್ಲಿಷ್‌ನಲ್ಲಿ ಎಂಟು ಸಾಲು ಬರೆದು ಕಳಿಸಿದ್ದರು. ಮೊದಲ ನಾಲ್ಕರ ಸಾರ ಹೀಗಿತ್ತು: ನನಗೋಸ್ಕರ ಬಾಗಿಲ ದೀಪ ಉರಿಸಿ ಇಟ್ಟಿರ್ತೀಯ, ಆಮೇಲೆ ನಿದ್ದೆ ಬಂದವಳ ಹಾಗೆ ನಟಿಸ್ತೀಯ, ಬೀಗದ ಕೈ ನೂರು ಸಲ ಕಳೆದಿದ್ದೇನೆ, ಕಳೆಯದೆ ಉಳಿಸಿಕೊಂಡದ್ದು ನಿನ್ನೊಬ್ಬಳನ್ನೇ. ಇಂಗ್ಲಿಷ್‌ನಲ್ಲಿ 'ಸ್ಲೀಪ್'ಗೆ 'ಕೀಪ್' ಪ್ರಾಸ. ಇಡೀ ಪದ್ಯದ ಜೀವ ಆ 'ಕೀಪ್'ನಲ್ಲಿ, ಉಳಿಸಿಕೊಳ್ಳುವುದರಲ್ಲಿ ಇತ್ತು. ಸ್ಪ್ಯಾನಿಷ್‌ನಲ್ಲಿ ಆ ಜೋಡಿ ಸಿಗಲ್ಲ.

ಮೊದಲ ಎರಡು ದಿನ ಹಳೇ ತಪ್ಪನ್ನೇ ಮಾಡಿದೆ. ಸಾಲಿಗೆ ಸಾಲು ಇಟ್ಟು, ಕೊನೆಯ ಪದಕ್ಕೆ ಪೂರ್ತಿ ಪ್ರಾಸ ಹುಡುಕುವುದು. ಎರಡನೇ ಸಾಲು 'ದೊರ್ಮೀದ' ಅಂತ ಮುಗಿಯಬೇಕು, ಮಲಗಿದವಳು ಅಂತ ಅರ್ಥ. ಅದಕ್ಕೆ ಪೂರ್ತಿ ಕೂಡುವ ಪದಗಳೆಂದರೆ ವೀದ, ಕೆರೀದ, ಎರೀದ: ಜೀವ, ಪ್ರಿಯೆ, ಗಾಯ. ಮೂರೂ ಸಿನಿಮಾ ಹಾಡಿನ ಪದಗಳು. ಬೀಗದ ಕೈ ಕಳೆಯುವ ಮನುಷ್ಯ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು 'ನೀನೇ ನನ್ನ ಜೀವ' ಅಂದುಬಿಟ್ಟರೆ ಹೇಗಿರುತ್ತೆ? ಮೆಕ್ಸಿಕೋದ ಪುಎಬ್ಲ ಊರಿನ ಗೆಳತಿಯೊಬ್ಬಳಿಗೆ ಓದಿ ತೋರಿಸಿದೆ. "ಇದು ಗಂಡ ಬರೆದದ್ದಲ್ಲ, ರೇಡಿಯೋದವನು ಬರೆದದ್ದು" ಅಂದಳು.

ಲೆಕ್ಕದಲ್ಲೂ ಎಡವಿದ್ದೆ. ಎಂಟು ಅಕ್ಷರದ ಸಾಲು ಮಾಡಬೇಕು ಅಂತ ಗೊತ್ತು, ಆದರೆ ಬೆರಳು ಮಾತ್ರೆ ಎಣಿಸುತ್ತಿತ್ತು. ಚಿಕ್ಕಂದಿನಿಂದ ಲಘು ಒಂದು, ಗುರು ಎರಡು ಅಂತ ಎಣಿಸಿದ ಕೈ ಅಲ್ವಾ. ಸ್ಪ್ಯಾನಿಷ್‌ನಲ್ಲಿ ಗುರುವೂ ಇಲ್ಲ ಲಘುವೂ ಇಲ್ಲ, ಎಲ್ಲ ಒಂದೊಂದೇ. ಪದದ ಕೊನೆಯ ಸ್ವರಕ್ಕೆ ಮುಂದಿನ ಪದದ ಸ್ವರ ತಾಗಿದರೆ ಎರಡೂ ಸೇರಿ ಒಂದು. ನಮ್ಮ ಲೋಪಸಂಧಿಯ ಹಾಗೆ ಅಂದುಕೊಂಡು ನಾನು ಒಂದು ಸ್ವರವನ್ನು ನುಂಗಿ ಓದುತ್ತಿದ್ದೆ. ಅದು ತಪ್ಪು. ಊರು, ಅಲ್ಲಿ ಸೇರಿ ಊರಲ್ಲಿ ಆದಾಗ ಉಕಾರ ಸತ್ತೇ ಹೋಗುತ್ತೆ. ಸ್ಪ್ಯಾನಿಷ್‌ನಲ್ಲಿ ಎರಡು ಸ್ವರವೂ ಕೇಳಬೇಕು, ತಾಳ ಮಾತ್ರ ಒಂದೇ.

ದಾರಿ ಸಿಕ್ಕಿದ್ದು ಮೂರನೇ ದಿನ, ಅದೂ ಕನ್ನಡದಿಂದ. ನಮ್ಮ ಆದಿಪ್ರಾಸ ನೋಡಿ. ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದರ ಸ್ವರ ಏನಾದರೂ ಆಗಬಹುದು. ಎರೆ, ಕರಿ, ಸುರು, ಮೂರಕ್ಕೂ ಪ್ರಾಸ ಉಂಟು. ಸ್ಪ್ಯಾನಿಷ್‌ನ ಹಳ್ಳಿ ಹಾಡಿನ ಪ್ರಾಸ ಸರಿಯಾಗಿ ಇದರ ತಿರುವುಮುರುವು. ಒತ್ತು ಬೀಳುವ ಕೊನೆಯ ಸ್ವರದಿಂದ ಮುಂದಕ್ಕೆ ಸ್ವರಗಳು ಒಂದೇ ಇದ್ದರೆ ಸಾಕು, ವ್ಯಂಜನ ಯಾವುದಾದರೂ ಇರಲಿ. ಇದಕ್ಕೆ ಅವರು ಅಸೊನಾಂತೆ ಅನ್ನುತ್ತಾರೆ. ನಿಮಗೂ ಗೊತ್ತಿರುತ್ತೆ, ನನಗೂ ಗೊತ್ತಿತ್ತು, ಆದರೆ ಕಿವಿ ಕನ್ನಡದ್ದು. ಅದು ವ್ಯಂಜನವನ್ನೇ ಹುಡುಕುತ್ತಿತ್ತು.

ವ್ಯಂಜನ ಬಿಟ್ಟ ಕೂಡಲೇ ಬಾಗಿಲು ತೆರೆದಂತಾಯಿತು. 'ದೊರ್ಮೀದ'ದಲ್ಲಿ ಉಳಿಯುವುದು ಈ-ಅ. ಅದಕ್ಕೆ ಹೊಂದುವ ಪದಗಳು ದೀಅ, ರೀಸ, ಸೀಯ, ಕೊಸೀನ, ಎಸ್ಕೀನ: ದಿನ, ನಗು, ಕುರ್ಚಿ, ಅಡುಗೆಮನೆ, ಮೂಲೆ. ಎಲ್ಲವೂ ಮನೆಯೊಳಗಿನ ಪದಗಳು! ಜೀವ, ಗಾಯ ಅನ್ನಬೇಕಾದ ಗ್ರಹಚಾರ ತಪ್ಪಿತು. ಪೂರ್ತಿ ಪ್ರಾಸಕ್ಕೆ ಹೋದರೆ ಪದವೇ ಭಾವವನ್ನು ತೀರ್ಮಾನಿಸಿಬಿಡುತ್ತೆ, ಸ್ವರಪ್ರಾಸದಲ್ಲಿ ತೀರ್ಮಾನ ನನ್ನ ಕೈಯಲ್ಲೇ ಉಳಿಯಿತು.

ಅಷ್ಟಾದ ಮೇಲೆ ಇಂಗ್ಲಿಷ್ ಕಾಗದ ಮಡಚಿಟ್ಟೆ. ಪ್ರತಿ ಸಾಲು ಏನು ಮಾಡುತ್ತೆ ಅಂತ ಕನ್ನಡದಲ್ಲಿ ಒಂದೊಂದು ವಾಕ್ಯ ಬರೆದುಕೊಂಡೆ. ಎರಡನೇ ಸಾಲಿಗೆ ಬರೆದದ್ದು: 'ಕಾದಿದ್ದಾಳೆ, ಆದರೆ ಕಾದಿದ್ದೆ ಅಂತ ಒಪ್ಪಿಕೊಳ್ಳಲ್ಲ, ಕಳ್ಳನಿದ್ದೆ.' ಈ 'ಕಳ್ಳನಿದ್ದೆ' ಬಂತಲ್ಲ, ಅಲ್ಲೇ ಕೆಲಸ ಆಗಿಹೋಯ್ತು. ಮೊದಲು ನಾನು ಇಟ್ಟಿದ್ದು 'ಫಿನ್‌ಹೆಸ್', ನಟಿಸ್ತೀಯ ಅಂತ. ಅರ್ಥಕ್ಕೆ ಸರಿ, ಆದರೆ ಅದರಲ್ಲಿ ಮೋಸದ ವಾಸನೆ ಇದೆ. ಕಳ್ಳನಿದ್ದೆಗೆ ಅಲ್ಲಿನ ಮನೆಮಾತು 'ಆಸೆರ್ಸೆ ಲಾ ದೊರ್ಮೀದ'. ಮಕ್ಕಳಿಗೂ ಹೇಳುತ್ತಾರೆ, ಮುದ್ದು ಇದೆ ಅದರಲ್ಲಿ.

ಮೊದಲ ನಾಲ್ಕರಲ್ಲಿ ಕೊನೆಯ ಸಾಲನ್ನು ಮೊದಲು ಬರೆದೆ. 'ಕೀಪ್' ಹೋಯ್ತಲ್ಲ, ಅದರ ಜಾಗಕ್ಕೆ ಕಳೆಯುವ ಕ್ರಿಯಾಪದವನ್ನೇ ಎರಡು ಕಡೆ ದುಡಿಸಿದೆ. ಬೀಗದ ಕೈ ಕಳೆದೆ, ನಿನ್ನನ್ನು ಒಂದು ದಿನವೂ ಇಲ್ಲ. ಎರಡನೇ ಕಡೆ ಕ್ರಿಯಾಪದ ಬರುವುದೇ ಇಲ್ಲ, ಓದುವವರ ಬಾಯಲ್ಲಿ ತಾನಾಗಿ ಬರುತ್ತೆ. ನಾಲ್ಕು ಸಾಲು ಹೀಗೆ ನಿಂತವು:

ಮೆ ದೇಹಾಸ್ ಪ್ರೆಂದೀದೊ ಎಲ್ ಫೋಕೊ
ಇ ತೂ ತೆ ಆಸೆಸ್ ಲಾ ದೊರ್ಮೀದ.
ಸ್ಯೆನ್ ಬೇಸೆಸ್ ಪೆರ್ದೀ ಲಾಸ್ ಯಾವೆಸ್,
ಇ ಆ ತೀ ನೋ, ನಿ ಉನ್ ಸೋಲೊ ದೀಅ.

ಎಣಿಸಿ ನೋಡಿ: ಮೆ, ದೇ, ಹಾಸ್, ಪ್ರೆಂ, ದೀ, ದೊಎಲ್, ಫೋ, ಕೊ. ಎಂಟು. ಎರಡನೇ ಸಾಲಲ್ಲಿ 'ತೆ ಆ' ಒಂದೇ, ನಾಲ್ಕನೆಯದರಲ್ಲಿ 'ಇ ಆ' ಒಂದು, 'ನಿ ಉನ್' ಒಂದು. ಸ್ಪ್ಯಾನಿಷ್ ಕ್ರಿಯಾಪದದಲ್ಲೇ 'ನೀನು' ಅಡಗಿರುತ್ತೆ, ಹಾಗಾಗಿ ಎರಡನೇ ಸಾಲಿನ 'ತೂ' ಬೇಕಾಗಿರಲಿಲ್ಲ. ಇಟ್ಟದ್ದು ಒಂದು ಅಕ್ಷರ ಕಡಿಮೆ ಬಿದ್ದದ್ದಕ್ಕೆ. ಆದರೆ ಇಟ್ಟ ಮೇಲೆ 'ಮತ್ತೆ ನೀನೋ...' ಅಂತ ರೇಗಿಸುವ ಧಾಟಿ ಬಂತು. ಇಂಥ ಅದೃಷ್ಟಕ್ಕೂ ನಾನು ಬಿಲ್ ಹಾಕುತ್ತೇನೆ.

'ಫೋಕೊ' ಮೆಕ್ಸಿಕೋದ ಪದ, ನಮ್ಮ ಬಲ್ಬು. ಮೊದಲು ಸಾಲು 'ಮೆ ದೇಹಾಸ್ ಲಾ ಲೂಸ್ ಪ್ರೆಂದೀದ' ಅಂತಿತ್ತು. ಎಂಟೇ, ಆದರೆ ಅದೂ ಈ-ಅ ದಲ್ಲಿ ಮುಗಿದು ಎರಡು ಮತ್ತು ನಾಲ್ಕನೇ ಸಾಲಿಗಷ್ಟೇ ಬೇಕಾದ ಪ್ರಾಸ ಒಂದನೇ ಸಾಲಿಗೂ ಬಿತ್ತು, ಕೇಳಿದರೆ ಮಕ್ಕಳ ಪದ್ಯ. ಬಲ್ಬು ಬಂದ ಮೇಲೆ ಆ ಕಾಟ ತಪ್ಪಿತು. ಸ್ಪೇನ್‌ನವರಿಗೆ ಇದನ್ನು ಕಳಿಸಬೇಡಿ, ಅಲ್ಲಿ ಬಲ್ಬಿಗೆ ಬೊಂಬೀಯ ಅಂತಾರೆ, 'ಫೋಕೊ' ಅಂದರೆ ನಾಟಕದ ಸ್ಟೇಜಿನ ದೀಪ ಕಣ್ಮುಂದೆ ಬರುತ್ತೆ.

ಉಳಿದ ನಾಲ್ಕು ಸಾಲಲ್ಲಿ ಗಿರಾಕಿಯ ಮಾತು: ಪ್ರೀತಿ ಅಂತ ಜಾಸ್ತಿ ಹೇಳಲ್ಲ, ಹೇಳಿ ಹೇಳಿ ಪದ ಸವೆದುಹೋಗಬಾರದು, ಬೆಳಗಿನ ಜಾವ ಸದ್ದಿಲ್ಲದೆ ನಿನ್ನ ಕಪ್ ತೆಗೆದಿಡ್ತೇನೆ. 'ನಿನ್ನನ್ನು ಪ್ರೀತಿಸ್ತೀನಿ' ಅನ್ನೋದಕ್ಕೆ ನಾನು 'ತೆ ಕ್ಯೇರೊ' ಹಾಕಿದ್ದೆ, ಎಂಟಕ್ಕೆ ಚೆನ್ನಾಗಿ ಕೂತಿತ್ತು, ಸ್ಪೇನ್‌ನಲ್ಲಿ ಗಂಡ ಹೆಂಡತಿ ಹೇಳುವುದೂ ಅದೇ. ಪುಎಬ್ಲದವಳು ತಲೆಯಾಡಿಸಿದಳು. ಮೆಕ್ಸಿಕೋದಲ್ಲಿ ಫೆಬ್ರುವರಿ 14 ಪ್ರೀತಿ ಮತ್ತು ಸ್ನೇಹದ ದಿನ, 'ತೆ ಕ್ಯೇರೊ' ಗೆಳತಿಯರಿಗೂ ಹೋಗುತ್ತೆ. 25 ವರ್ಷದ ಹೆಂಡತಿಗೆ ಅಷ್ಟೇನಾ ಅಂತ. ಗಿರಾಕಿಯನ್ನು ಕೇಳಿದೆ, ಮನೆಯಲ್ಲಿ ಏನಂತೀರಿ? "ತೆ ಆಮೊ ಅಂತೀನಿ, ಯಾವಾಗಲೋ ಒಮ್ಮೆ" ಅಂದರು. ಸರಿ, ಬದಲಾಯಿಸಿದೆ:

ಯೊ ಕಾಸಿ ನೊ ದೀಗೊ ತೆ ಆಮೊ
ಪೊರ್ ನೊ ಗಸ್ತಾರ್ ಲಾ ಪಲಾಬ್ರ,
ಇ ಅಲ್ ಆಲ್ಬ, ಸಿನ್ ಅಸೇರ್ ರುಯಿದೊ,
ತೆ ದೇಹೊ ಲೀಸ್ತ ಲಾ ತಾಸ.

ಪಲಾಬ್ರ, ತಾಸ. ಪದ, ಕಪ್. ಆ-ಅ. ವ್ಯಂಜನ ನೋಡಿದರೆ ಸಂಬಂಧವೇ ಇಲ್ಲ, ಗಟ್ಟಿಯಾಗಿ ಓದಿದರೆ ಕೂಡುತ್ತೆ. ಇದು ಅಲ್ಲಿಯವರ ಕಿವಿಗೆ ಕೂಡಿತೋ ಇಲ್ಲವೋ ಅಂತ ತಿಳಿಯಲು ನನ್ನದೊಂದು ಪರೀಕ್ಷೆ ಇದೆ, ಪದ್ಯದ ಜೋಡಿಪದಗಳ ಒಂದು ನೋಟ್‌ಬುಕ್ಕೂ ಇದೆ. ಎರಡನ್ನೂ ಇಲ್ಲಿ ಬಿಚ್ಚಿಡಲ್ಲ, ಹೊಟ್ಟೆಪಾಡು.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಇದೇ ಸ್ವರಪ್ರಾಸದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅಮ್ಮನಿಗೆ ಓದಿದೆ. ಒಂದು ಸಾಲು 'ಮಲಗು' ಅಂತ, ಇನ್ನೊಂದು 'ಕದಡು' ಅಂತ ಮುಗಿಯುತ್ತಿತ್ತು. ಅಮ್ಮ ಪೂರ್ತಿ ಕೇಳಿ, "ಚೆನ್ನಾಗಿದೆ, ಪ್ರಾಸ ಯಾವಾಗ ಹಾಕ್ತೀಯ?" ಅಂದರು. ಅಲ್ಲಿಗೆ ಬಿಟ್ಟೆ.

ಹದಿನೈದನೇ ತಾರೀಕು ಗಿರಾಕಿಯಿಂದ ಮೇಲ್ ಬಂತು. ಹೆಂಡತಿ 'ಫೋಕೊ' ಅನ್ನುವಲ್ಲಿ ನಕ್ಕರಂತೆ, ಬೀಗದ ಕೈ ಬಂದಾಗ ಓದುವುದನ್ನು ನಿಲ್ಲಿಸಿದರಂತೆ, ಆಮೇಲೆ ಇದನ್ನು ಯಾರು ಬರೆದದ್ದು ಅಂತ ಕೇಳಿದರಂತೆ. ಇವರು ನಾನೇ ಅಂದರಂತೆ. ಅದು ಒಂದು ಲೆಕ್ಕದಲ್ಲಿ ಸುಳ್ಳೂ ಅಲ್ಲ. ಮುಂದಿನ ವರ್ಷಕ್ಕೂ ಒಂದು ಬೇಕು, ಇದೇ ರೇಟಿಗೆ ಆಗುತ್ತಾ ಅಂತ ಕೇಳಿದ್ದಾರೆ. 150 ಅಂತ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.