ಸ್ವಂತ ಡೊಮೈನ್‌ನಲ್ಲಿ ಇಮೇಲ್: MX ಬದಲಿಸುವಾಗ ಎಡವಬೇಡಿ

ಡೊಮೈನ್ ಕೊಂಡ ಕೂಡಲೇ ಇಮೇಲೂ ಬಂದುಬಿಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಡೊಮೈನ್ ಅಂದರೆ ಬರೀ ಹೆಸರು. ಮೇಲ್ ಬಂದು ಸೇರುವ ಸರ್ವರ್ ಬೇರೆ, ಅದಕ್ಕೆ ಬೇರೆ ಖಾತೆ ಬೇಕು. ಎರಡನ್ನೂ ಜೋಡಿಸುವುದು ಡಿಎನ್‌ಎಸ್ ದಾಖಲೆಗಳು. ಕೆಲಸ ಕೆಡುವುದು ಅಲ್ಲೇ.

ಮಂಡ್ಯದಲ್ಲಿ ಆಲೆಮನೆ ನಡೆಸುವ ಒಂದು ಕುಟುಂಬ ಬೆಲ್ಲದ ಆರ್ಡರಿಗೆ ಇಂಥ ವಿಳಾಸ ಮಾಡಿಕೊಳ್ಳುತ್ತಿದೆ ಅಂತಿಟ್ಟುಕೊಳ್ಳಿ. ಡೊಮೈನನ್ನು ಮನೆಯವರ ಹೆಸರಲ್ಲೇ ಕೊಳ್ಳಿ. ವೆಬ್‌ಸೈಟ್ ಮಾಡಿಕೊಡುವ ಹುಡುಗನ ಹೆಸರಲ್ಲಿ ಬೇಡವೇ ಬೇಡ, ಅವನು ಊರು ಬಿಟ್ಟರೆ ನವೀಕರಣದ ನೋಟಿಸೂ ನಿಮಗೆ ಸಿಗುವುದಿಲ್ಲ. ಡೊಮೈನ್ ಜೊತೆ ಪುಕ್ಕಟೆ ಸಿಗುವ ಫಾರ್ವರ್ಡಿಂಗನ್ನೂ ನೆಚ್ಚಬೇಡಿ. ಮೇಲ್ ಮೂಲ ಸರ್ವರಿನ ಬದಲು ಮಧ್ಯವರ್ತಿಯಿಂದ ಬರುವುದರಿಂದ ಎಷ್ಟೋ ಸಲ ಸ್ಪ್ಯಾಮಿಗೆ ಬೀಳುತ್ತದೆ. ದುಡ್ಡು ಕೊಟ್ಟು ಒಂದೇ ಮೇಲ್‌ಬಾಕ್ಸ್ ತೆಗೆದುಕೊಂಡರೂ ಸಾಕು, orders, accounts ಇವನ್ನೆಲ್ಲ ಅದಕ್ಕೇ ಅಲಿಯಾಸ್, ಅಂದರೆ ಅದೇ ಇನ್‌ಬಾಕ್ಸಿಗೆ ಬರುವ ಬೇರೆ ಹೆಸರಿನ ವಿಳಾಸ, ಮಾಡಿಕೊಳ್ಳಬಹುದು.

ಈಗ MX. ಈ ಡೊಮೈನಿನ ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ದಾಖಲೆ ಇದು. ಬದಲಿಸುವ ಮೊದಲೇ ಹೊಸ ಕಡೆ ಎಲ್ಲ ವಿಳಾಸಗಳನ್ನೂ ತೆರೆದಿಡಿ. ಇಲ್ಲದಿದ್ದರೆ ಆ ವಿಳಾಸಕ್ಕೆ ಬಂದ ಆರ್ಡರ್ ಕಳಿಸಿದವರಿಗೇ ವಾಪಸ್ ಹೋಗುತ್ತದೆ. ಹಿಂದಿನ ದಿನವೇ ಹಳೆಯ MX ದಾಖಲೆಯ TTL, ಅಂದರೆ ಬೇರೆ ಸರ್ವರುಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು 300 ಸೆಕೆಂಡಿಗೆ ಇಳಿಸಿ, ಆಗ ಬದಲಾವಣೆ ಬೇಗ ಹರಡುತ್ತದೆ. ಹೊಸ ಕಂಪನಿ ಕೊಟ್ಟ ಸಾಲುಗಳನ್ನು ಹಾಗೇ ಹಾಕಿ. ಜೋಹೋದ ಭಾರತದ ಸರ್ವರ್ ಆದರೆ:

```
10 mx.zoho.in
20 mx2.zoho.in
50 mx3.zoho.in
```

ಚಿಕ್ಕ ಸಂಖ್ಯೆಗೇ ಮೊದಲ ಆದ್ಯತೆ. ಹೊಸದನ್ನು ಸೇರಿಸಿ ಹಳೆಯದನ್ನು ಅಳಿಸದೆ ಬಿಡುವುದನ್ನು ಪದೇ ಪದೇ ನೋಡಿದ್ದೇನೆ. ಹಳೆಯದರ ಸಂಖ್ಯೆ 0 ಇದ್ದರೆ ಮೇಲ್ ಅಲ್ಲಿಗೇ ಹೋಗುತ್ತಿರುತ್ತದೆ, ಇಲ್ಲಿ ಇನ್‌ಬಾಕ್ಸ್ ಖಾಲಿ. ಹಳೆಯ ಸಾಲುಗಳನ್ನು ಅಳಿಸಿ, ಆದರೆ ಹಳೆಯ ಖಾತೆಯನ್ನು ಒಂದು ವಾರ ಮುಚ್ಚಬೇಡಿ.

ಆಮೇಲೆ ಎಸ್‌ಪಿಎಫ್. ನಿಮ್ಮ ಹೆಸರಲ್ಲಿ ಮೇಲ್ ಕಳಿಸಲು ಯಾರಿಗೆ ಅನುಮತಿ ಇದೆ ಅಂತ ಸಾರುವ TXT ದಾಖಲೆ ಇದು. ಒಂದು ಡೊಮೈನಿಗೆ ಒಂದೇ ಇರಬೇಕು. ಬಿಲ್ಲಿಂಗ್ ಸಾಫ್ಟ್‌ವೇರಿನವರು ತಮ್ಮದೂ ಒಂದು ಸಾಲು ಹಾಕಿ ಅಂದಾಗ ಎರಡನೆಯ ದಾಖಲೆ ಮಾಡಿದರೆ ಎರಡೂ ಕೆಲಸಕ್ಕೆ ಬಾರವು. ಅವರು ಕೊಟ್ಟ include ಭಾಗವನ್ನು ಇರುವ ಸಾಲಿನೊಳಗೇ, ~all ಗಿಂತ ಮುಂಚೆ ಸೇರಿಸಿ:

```
v=spf1 include:zoho.in ~all
```

ಇನ್ನು ಡಿಕಿಮ್, ಅಂದರೆ DKIM. ಮೇಲ್ ನಿಮ್ಮ ಡೊಮೈನಿನದೇ ಅಂತ ತೋರಿಸುವ ಡಿಜಿಟಲ್ ಸಹಿ ಇದು. ಅದರ ಕೀಲಿಯನ್ನು ಮೇಲ್ ಕಂಪನಿಯ ಪುಟದಿಂದ ಕಾಪಿ ಮಾಡಿ ಇನ್ನೊಂದು TXT ದಾಖಲೆಯಾಗಿ ಹಾಕಿ, ಅಲ್ಲೇ ವೆರಿಫೈ ಒತ್ತಿ. ಅದನ್ನು ಕೈಯಲ್ಲಿ ಟೈಪ್ ಮಾಡಬೇಡಿ.

ಕೊನೆಗೆ ಹೊಸ ವಿಳಾಸದಿಂದ ಒಂದು ಜಿಮೇಲ್ ಖಾತೆಗೆ ಮೇಲ್ ಕಳಿಸಿ. ಅಲ್ಲಿ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕೆ ಒತ್ತಿ Show original ನೋಡಿ. SPF, DKIM ಎರಡರ ಮುಂದೆಯೂ PASS ಅಂತ ಇರಬೇಕು. ಆ ಮೇಲಿಗೆ ಜಿಮೇಲಿನಿಂದಲೇ ಉತ್ತರ ಬರೆಯಿರಿ. ಅದು ಹೊಸ ಇನ್‌ಬಾಕ್ಸಿಗೆ ಬಂದ ಮೇಲೆ ವಿಸಿಟಿಂಗ್ ಕಾರ್ಡ್ ಮುದ್ರಣಕ್ಕೆ ಕೊಡಿ.