"ಫೈನಲ್ ಮಾಡಿ ಕಳಿಸಿ" ಅಂತ ಮಾತ್ರ ಹೇಳಿದಾಗ ನಾನು ಮಾಡೋದು

ಕಳೆದ ತಿಂಗಳು ಒಂದು ಸಂಸ್ಥೆಯ ವಾರ್ಷಿಕ ವರದಿ ಬಂತು. ಸುಮಾರು 40 ಪುಟ. ಡ್ರೈವ್‌ಗೆ ಹಾಕಿ, "ಫೈನಲ್ ಮಾಡಿ ಕಳಿಸಿ" ಅಂದರು, ಅಷ್ಟೇ. ವರ್ಡ್‌ನಲ್ಲಿ ತೆರೆದು ನೋಡಿದರೆ ಟ್ರ್ಯಾಕ್ ಚೇಂಜಸ್ ಗುರುತಿನಲ್ಲಿ ಮೂವರ ತಿದ್ದುಪಡಿಗಳು, ಅಂಚಿನಲ್ಲಿ ಅರವತ್ತರ ಹತ್ತಿರ ಕಾಮೆಂಟು.

ಗೆಳೆಯರು ಹೇಳಿದ್ದು ಒಂದೇ: ಸುಮ್ನೆ Accept All Changes ಒತ್ತಿ, ಎಲ್ಲಾ ತಿದ್ದುಪಡಿಗಳನ್ನೂ ಒಂದೇ ಸಲಕ್ಕೆ ಒಪ್ಪಿ ಕಳಿಸು. ಅದನ್ನು ಒಮ್ಮೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಆ ಕೆಲಸದಲ್ಲಿ 20 ದಿನ ಅನ್ನೋದನ್ನು ಒಬ್ಬರು 30, ಇನ್ನೊಬ್ಬರು 45 ಮಾಡಿದ್ದರು. ಬೇರೆ ಬೇರೆ ಪ್ರತಿಯಲ್ಲಿ ತಿದ್ದಿದ್ದನ್ನು ಯಾರೋ ಒಂದೇ ಫೈಲಿಗೆ ಸೇರಿಸಿದ್ದರು. ನಾನು ಒತ್ತಿದೆ, "3045 ದಿನ" ಅಂತ ಅಚ್ಚಾಯಿತು. ಮರುಮುದ್ರಣಕ್ಕೆ ಆರು ಸಾವಿರದಷ್ಟು ನನ್ನ ಕೈಯಿಂದ ಹೋಯಿತು.

ಈ ಸಲ ಮೊದಲು ಮೂಲ ಫೈಲಿನ ಪ್ರತಿ ತೆಗೆದಿಟ್ಟೆ. ಆಮೇಲೆ Show Markup ನಲ್ಲಿ ಫಾರ್ಮ್ಯಾಟಿಂಗ್ ಬದಲಾವಣೆ ಮಾತ್ರ ಕಾಣುವಂತೆ ಮಾಡಿ, Accept All Changes Shown ಕೊಟ್ಟೆ. ಅರ್ಧದಷ್ಟು ಗದ್ದಲ ಅಲ್ಲಿಗೇ ಮುಗಿಯಿತು. ಉಳಿದದ್ದನ್ನು ಒಂದೊಂದಾಗಿ ಓದಿದೆ. ಒಂದೇ ಜಾಗದಲ್ಲಿ ಇಬ್ಬರ ಕೈ ಬಿದ್ದಿದ್ದರೆ ದಿನಾಂಕ ನೋಡಿದೆ. ಆದರೆ ಕೊನೆಯಲ್ಲಿ ತಿದ್ದಿದವರೇ ಸರಿ ಅಂತ ಇಟ್ಟುಕೊಳ್ಳಲಿಲ್ಲ, ಲೆಕ್ಕದ ವಿಷಯದಲ್ಲಿ ಲೆಕ್ಕ ನೋಡುವವರ ಮಾತನ್ನೇ ಹಿಡಿದೆ.

ಅದೇ ಫೈಲನ್ನು ಲಿಬ್ರೆಆಫೀಸ್‌ನಲ್ಲೂ ತೆರೆದು ನೋಡಿದೆ. ಅಲ್ಲಿ ಯಾರು, ಯಾವಾಗ ತಿದ್ದಿದರು ಅನ್ನೋದು ಪಟ್ಟಿಯಾಗಿ ಬರುತ್ತದೆ, ತುಂಬಾ ಚೆನ್ನಾಗಿದೆ. ಆದರೆ ಅಲ್ಲಿ ಸೇವ್ ಮಾಡಬೇಡಿ. ನನಗೆ ಪುಟದ ವಿನ್ಯಾಸ ಕದಲಿತು.

ಕಾಮೆಂಟುಗಳೇ ನಿಜವಾದ ಕೆಲಸ. ಬದಲಾವಣೆ ಒಪ್ಪಿದರೂ ಅವು ಹೋಗುವುದಿಲ್ಲ. "ಈ ಪ್ಯಾರಾ ಚಿಕ್ಕದು ಮಾಡಿ" ಅನ್ನೋದು ಕೆಲಸ, ಮಾಡಿದೆ. "ಹೆಸರು ಒಂದೇ ಥರ ಇರಲಿ" ಅಂತಿತ್ತು, ಇಡೀ ಫೈಲಿನಲ್ಲಿ ಸರಿ ಮಾಡಿದೆ. "ಚೆನ್ನಾಗಿದೆ" ಅನ್ನೋದಕ್ಕೆ ಏನೂ ಮಾಡಬೇಕಿಲ್ಲ. ಆದರೆ "ಈ ಮೊತ್ತ ಸರಿಯೇ?" ಅನ್ನೋದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ, ಅಲ್ವಾ? ಅಂಥವು ಎರಡು ಉಳಿದವು. ಮೂಲದಲ್ಲಿದ್ದ ಮಾತನ್ನು ಹಾಗೇ ಉಳಿಸಿ, ಪುಟ ಸಂಖ್ಯೆ ಸಮೇತ ಮೇಲ್‌ನ ಮೊದಲ ಸಾಲಿನಲ್ಲೇ ಬರೆದೆ. ಕಾಮೆಂಟುಗಳನ್ನು ವಿಂಗಡಿಸೋಕೆ ನನ್ನದೊಂದು ಬಣ್ಣದ ಪದ್ಧತಿ ಇದೆ, ಅದನ್ನು ಇಲ್ಲಿ ಬಿಟ್ಟುಕೊಡಲ್ಲ.

ಕೊನೆಗೆ No Markup ಮಾಡಿ ಶುದ್ಧವಾಯಿತು ಅಂದುಕೊಳ್ಳಬೇಡಿ. ಅದು ಗುರುತುಗಳನ್ನು ಮರೆಮಾಡುತ್ತದೆ, ಅಷ್ಟೇ. ಪಡೆದವರು ಇನ್ನೊಂದು ಕ್ಲಿಕ್ ಮಾಡಿದರೆ ಎಲ್ಲಾ ಕಾಣುತ್ತದೆ. ರಿವ್ಯೂಯಿಂಗ್ ಪೇನ್‌ನಲ್ಲಿ ಸೊನ್ನೆ ಬರುವವರೆಗೆ ಬಿಡಲಿಲ್ಲ. ಅಡಿಟಿಪ್ಪಣಿಯಲ್ಲಿ ಎರಡು ತಿದ್ದುಪಡಿ ಅಡಗಿದ್ದವು. ಆಮೇಲೆ ಮೂಲ ಪ್ರತಿಯ ಜೊತೆ Compare ಹಾಕಿ, ನಾನು ಮಾಡಬಾರದ್ದೇನಾದರೂ ಮಾಡಿದೆನಾ ಅಂತ ನೋಡಿದೆ.

ಶುದ್ಧ ಫೈಲ್, ಹೋಲಿಕೆಯ ಫೈಲ್, ಆ ಎರಡು ಪ್ರಶ್ನೆ ಕಳಿಸಿದೆ. ಒಂದು ಗಂಟೆಯೊಳಗೆ ಉತ್ತರ ಬಂತು: ಒಂದು ಮೊತ್ತ ನಿಜವಾಗಿಯೂ ತಪ್ಪಿತ್ತು. ಮಾರನೇ ದಿನ ವರದಿ ಪ್ರೆಸ್‌ಗೆ ಹೋಯಿತು.