ಬದುವಿನ ಜಗಳ: ಎನ್‌ಸಿಯೋ, ಎಫ್‌ಐಆರೋ?

ಆಳಂದ ಕಡೆಯ ಒಂದು ತೊಗರಿ ಹೊಲ ಅಂದುಕೊಳ್ಳಿ. ಬದು ಒತ್ತಿದ್ದಕ್ಕೆ ಮಾತಿಗೆ ಮಾತು ಬೆಳೆದು, ಪಕ್ಕದ ಹೊಲದವನು ಕೆನ್ನೆಗೆ ಹೊಡೆದ. ಠಾಣೆಗೆ ಹೋದರೆ "ಇದು ಎನ್‌ಸಿ, ಕೋರ್ಟಿಗೆ ಹೋಗ್ರಿ" ಅಂದರು. ಪೊಲೀಸರು ಸುಮ್ನೆ ಸಾಗಹಾಕಿದರು ಅಂತ ಸಿಟ್ಟು ಬರುತ್ತದೆ, ಅಲ್ವಾ? ಆದರೆ ಅವರ ಕೈ ಕಟ್ಟಿರುವುದು ಕಾನೂನೇ.

ಬರೀ ಕೈಯಿಂದ ಹೊಡೆದು ಸಣ್ಣ ಗಾಯವಾದರೆ ಅದು ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಂ. ಇದು ಅಸಂಜ್ಞೇಯ ಅಪರಾಧ, ಠಾಣೆಯವರ ಮಾತಿನಲ್ಲಿ ಎನ್‌ಸಿ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆದೇಶ ಸಿಕ್ಕ ಮೇಲೂ ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಪ್ರತಿ ಸಣ್ಣ ಜಗಳಕ್ಕೂ ಪೊಲೀಸರು ಮನೆಗೆ ಬಂದು ಹಿಡಿದೊಯ್ಯುವಂತಾದರೆ ಯಾರಿಗೂ ನೆಮ್ಮದಿ ಇರುವುದಿಲ್ಲ. ಅದಕ್ಕೇ ನಡುವೆ ನ್ಯಾಯಾಧೀಶರನ್ನು ಇಟ್ಟಿದ್ದಾರೆ. ಈ ತಡೆ ಬೇಕೇ ಬೇಕು ಎಂಬುದು ನನ್ನ ನಂಬಿಕೆ.

ಹಾಗಾದರೆ ಮಾಡುವುದೇನು? ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಯಾರು, ಯಾವುದರಿಂದ, ಎಲ್ಲಿಗೆ ಹೊಡೆದರು ಎಂದು ವೈದ್ಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಎಂಎಲ್‌ಸಿ ಎಂಬ ಗಾಯದ ಕಾನೂನು ದಾಖಲೆ ಮಾಡಿಸಿ. ಹಲ್ಲು ಅಲ್ಲಾಡುತ್ತಿದ್ದರೆ, ಮೂಳೆ ನೋಯುತ್ತಿದ್ದರೆ ಎಕ್ಸ್‌ರೇ ಕೇಳಿ. ಇಡೀ ಪ್ರಕರಣ ತಿರುಗುವುದು ಇಲ್ಲೇ. ಹಲ್ಲು ಅಥವಾ ಮೂಳೆ ಮುರಿದಿದ್ದರೆ, ಜಾಗ ಬಿಟ್ಟು ಸರಿದಿದ್ದರೆ, ಕಾನೂನಿನ ಕಣ್ಣಿಗೆ ಅದು ತೀವ್ರ ಗಾಯ. ಆಗ 117(2)ನೇ ಕಲಂ, 7 ವರ್ಷದವರೆಗೆ ಶಿಕ್ಷೆ. ಅದು ಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದದ್ದು. ಎಫ್‌ಐಆರ್ ದಾಖಲಿಸಲೇಬೇಕು. ಅದರ ಪ್ರತಿ ನಿಮಗೆ ಉಚಿತ.

ಇಲ್ಲಿ ಬಹಳ ಜನ ಎಡವುತ್ತಾರೆ. ಎಫ್‌ಐಆರ್ ಆಯಿತೆಂದರೆ ಜಾಮೀನು ಸಿಗುವುದಿಲ್ಲ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ, ಅದು ಬೇರೆಯೇ ಲೆಕ್ಕ. ಹಲ್ಲು ಮುರಿದ ಈ ಪ್ರಕರಣ ಸಂಜ್ಞೇಯವೂ ಹೌದು, ಜಾಮೀನು ಸಿಗುವಂಥದ್ದೂ ಹೌದು. ಆರೋಪಿ ಜಾಮೀನು ಕೊಡಲು ಸಿದ್ಧನಿದ್ದರೆ ಠಾಣೆಯಲ್ಲೇ ಬಿಡಬೇಕು. ಅದು ಅವನ ಹಕ್ಕು. ಅದೇ ಅವನು ಕುಡಗೋಲು ಬೀಸಿದ್ದರೆ, ಗಾಯ ಚಿಕ್ಕದಿದ್ದರೂ 118(1)ನೇ ಕಲಂ ಬರುತ್ತದೆ. ಅದು ಸಂಜ್ಞೇಯ, ಜಾಮೀನು ರಹಿತ. ಜಾಮೀನು ರಹಿತ ಎಂದರೆ ಸಿಗುವುದೇ ಇಲ್ಲ ಎಂದಲ್ಲ. ಅದು ಹಕ್ಕಾಗಿ ಸಿಗುವುದಿಲ್ಲ, ಸಾಮಾನ್ಯವಾಗಿ ಕೋರ್ಟಿನಲ್ಲಿ ಅರ್ಜಿ ಹಾಕಿ ಕೇಳಬೇಕು. ಆದ್ದರಿಂದ ದೂರಿನಲ್ಲಿ ಆಯುಧದ ಹೆಸರು ಬಿಡಬೇಡಿ. ಇಲ್ಲದ ಆಯುಧ ಸೇರಿಸಲೂಬೇಡಿ, ಗಾಯದ ಪ್ರಮಾಣಪತ್ರ ಅದನ್ನು ಬಯಲು ಮಾಡುತ್ತದೆ.

ಎನ್‌ಸಿ ಎಂದರೆ ಬರಿಗೈಲಿ ವಾಪಸ್ ಬರಬೇಡಿ. ದೂರಿಗೆ ಠಾಣೆಯವರು ಬರೆದುಕೊಡುವ, ನಂಬರ್ ಇರುವ ಹಿಂಬರಹ ಕೇಳಿ ಪಡೆಯಿರಿ. ಅದನ್ನು ಹಿಡಿದು ತಾಲ್ಲೂಕಿನ ಜೆಎಂಎಫ್‌ಸಿ, ಅಂದರೆ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ತನಿಖೆಗೆ ಆದೇಶ ಕೋರಿ. ಬೈದದ್ದು, ಹೊಡೆದದ್ದು ಎನ್‌ಸಿ ಆಗಿದ್ದು, ಅದೇ ಘಟನೆಯಲ್ಲಿ ಒಂದಾದರೂ ಸಂಜ್ಞೇಯ ಅಪರಾಧವಿದ್ದರೆ ಇಡೀ ಪ್ರಕರಣ ಸಂಜ್ಞೇಯವಾಗುತ್ತದೆ. ನಾಲ್ಕು ದಿನದ ಮೇಲೆ ಎಕ್ಸ್‌ರೇಯಲ್ಲಿ ಮುರಿತ ಕಂಡರೆ ಆ ವರದಿ ಹಚ್ಚಿ ಮತ್ತೆ ಠಾಣೆಗೆ ಹೋಗಿ. ಆಗಲೂ ಬರೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್ಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು.